ಅತಿಥಿಗಾಗಿ ರಜೆ ಕೊಟ್ಟ ಶೆಡ್ಡು

ಬೆಂಗಳೂರಿನ ಆ ಸಣ್ಣ ಕೈಗಾರಿಕೆಗಳ ಮೇಳದಲ್ಲಿ ಹತ್ತು ದಿನ ನಿಂತು ನಾನು ಕಲಿತದ್ದು ಒಂದೇ. ಶ್ಯಾವಿಗೆ ತಿನ್ನಲು ಬಂದವರಿಗೂ ಶ್ಯಾವಿಗೆ ಮಣೆ ಕೊಳ್ಳಲು ಬಂದವರಿಗೂ ಮುಖದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಇಬ್ಬರೂ ಒಂದೇ ರೀತಿ ತಲೆಯಾಡಿಸುತ್ತಾರೆ, ಒಂದೇ ರೀತಿ ಇನ್ನೊಂದು ತಟ್ಟೆ ಕೇಳುತ್ತಾರೆ.

ಮಣೆ ನನ್ನ ಅಣ್ಣನದು. ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಅವನಿಗೊಂದು ಶೆಡ್ಡು ಸಿಕ್ಕಿತ್ತು. ಕಬ್ಬಿಣ ಕಡೆಯುವ ಎರಡು ಲೇತು, ತೂತು ಕೊರೆಯುವ ಒಂದು ಯಂತ್ರ, ಐದು ಜನ ಕೆಲಸದವರು. ಮೂರು ಕಾಲಿನ ಕಬ್ಬಿಣದ ಶ್ಯಾವಿಗೆ ಮಣೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿ ಇರುವಾಗಲೇ ಕೊಳವೆಗೆ ಹಾಕಿ, ಮೇಲಿನ ಹಿಡಿಯನ್ನು ತಿರುಗಿಸಿದರೆ ಕೆಳಗಿನ ತೂತು ಬಿಲ್ಲೆಯಿಂದ ಎಳೆ ಎಳೆಯಾಗಿ ಇಳಿಯುತ್ತದೆ. ತಿರುಗಿಸಲು ಒಬ್ಬರು, ಮಣೆ ಅಲುಗದಂತೆ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಹಿಡಿಯಲು ಯಾರೂ ಸಿಗುವುದಿಲ್ಲ ಎಂದು ಕಾಪುವಿನ ನಮ್ಮ ಮನೆಯಲ್ಲಿ ಅಮ್ಮ ದಿನಾ ಗೊಣಗುತ್ತಿದ್ದಳು. ಅವಳ ಗೊಣಗಾಟ ಕೇಳಲಾರದೆ ಅಣ್ಣ ಕಾಲುಗಳನ್ನು ಅಗಲಿಸಿ, ತಿರುಪಿನ ಥ್ರೆಡ್ಡನ್ನು ನುಣ್ಣಗೆ ಕೊರೆದು, ಹಿಡಿಯನ್ನು ಉದ್ದ ಮಾಡಿ, ಒಬ್ಬಳೇ ಹೆಂಗಸು ಒತ್ತಬಹುದಾದ ಮಣೆ ಮಾಡಿದ. ಅಮ್ಮ ಒತ್ತಿ ನೋಡಿದಳು. ಆಮೇಲೆ ಗೊಣಗಲು ಬೇರೆ ವಿಷಯ ಹುಡುಕಿಕೊಂಡಳು.

ಆದರೆ ಉಡುಪಿಯ ಒಂದು ಪಾತ್ರೆ ಅಂಗಡಿ ತಿಂಗಳಿಗೆ ಕೊಳ್ಳುತ್ತಿದ್ದ ಇಪ್ಪತ್ತು ಮಣೆಗಳಿಂದ ಐದು ಜನರ ಕೈಗೆ ಕೆಲಸ ಸಾಲುತ್ತಿರಲಿಲ್ಲ. ಬಹರೈನಿನಲ್ಲಿದ್ದ ನಮ್ಮ ಭಾವ ಅಣ್ಣನಿಗಾಗಿ ಮೆಕ್ಯಾನಿಕ್ಕನ ವೀಸಾ ಒಂದನ್ನು ಗೊತ್ತುಮಾಡಿ, ದೀಪಾವಳಿಯ ಒಳಗೆ ಉತ್ತರ ಹೇಳು ಎಂದು ಪತ್ರ ಹಾಕಿದ್ದರು. ಅಣ್ಣ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಹೊರದೇಶದ್ದು ಒಂದು ಆರ್ಡರು ಬಂದರೆ ಇಲ್ಲೇ ಇರುತ್ತೇನೆ. ಬರದಿದ್ದರೆ ಹೋಗುವುದೇ, ಮತ್ತೆ ನೀನು ಅಳಬಾರದು." ನಮ್ಮ ಅಪ್ಪ ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದವರು. ವರ್ಷಕ್ಕೊಮ್ಮೆ ಬರುವ ನೆಂಟರಾಗಿಯೇ ಇದ್ದು, ಹಾಗೆಯೇ ತೀರಿಹೋದರು. ಅಣ್ಣನೂ ಅಂಥ ನೆಂಟನಾಗುವುದು ನನಗೆ ಬೇಡವಾಗಿತ್ತು. ದೇವರಲ್ಲಿ ನಾನು ಬೇಡಿಕೊಂಡದ್ದು ಆರ್ಡರನ್ನಲ್ಲ, ಅವನು ಊರಲ್ಲಿರಲಿ ಎಂಬುದನ್ನು.

ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಇಂಗ್ಲಿಷ್ ಪತ್ರ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಶೆಡ್ಡಿನ ಪತ್ರವ್ಯವಹಾರವೆಲ್ಲ ನನ್ನ ತಲೆಗೆ ಬಿದ್ದಿತ್ತು. ಜಿಲ್ಲೆಯ ಕೈಗಾರಿಕಾ ಕಚೇರಿಯವರು ಮೇಳದಲ್ಲಿ ಅರ್ಧ ಮಳಿಗೆ ಕೊಡುತ್ತೇವೆ ಎಂದಾಗ ಅರ್ಜಿ ತುಂಬಿದವಳೂ ನಾನೇ. ಉಳಿದರ್ಧದಲ್ಲಿ ಒಬ್ಬರು ಕೊಡೆ ಮಾರುತ್ತಿದ್ದರು. ನಡುವೆ ಒಂದು ಬಟ್ಟೆಯ ಪರದೆ, ಅಷ್ಟೆ. ಬೆಂಕಿಯ ಭಯಕ್ಕೆ ಒಳಗೆ ಸ್ಟೌ ಹಚ್ಚಬಾರದು ಎಂಬುದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾದದ್ದು. ತಣ್ಣಗಾದ ಉಂಡೆ ಕೊಳವೆಯಿಂದ ಇಳಿಯುವುದಿಲ್ಲ. ಹಾಗಾಗಿ ನಾನು ಹಿಂಬದಿಯ ಮೈದಾನದಲ್ಲಿ ಉಂಡೆ ಬೇಯಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಜನರ ಮಧ್ಯೆ ಓಡಿಕೊಂಡು ತರುವುದು, ಅಣ್ಣ ಒತ್ತುವುದು, ಜನ ಕಾಯಿಹಾಲು ಹಾಕಿಕೊಂಡು ತಿನ್ನುವುದು. ಮೂರನೆಯ ದಿನಕ್ಕೆ ನಮ್ಮದು ಮಳಿಗೆಯೋ ಹೋಟೆಲೋ ಎಂದು ನನಗೇ ಸಂಶಯ ಬಂತು.

ಬಂದವರು ಹೆಸರು, ವಿಳಾಸ, ವ್ಯಾಪಾರ ಬರೆಯಲೆಂದು ಒಂದು ಪುಸ್ತಕ ಇಟ್ಟಿದ್ದೆವು. ತಿಂದವರೆಲ್ಲ ಬರೆದರು. ಒಬ್ಬರು 'ಇಡೀ ಆಂಧ್ರಕ್ಕೆ ಏಜೆನ್ಸಿ ಬೇಕು' ಎಂದು ಬರೆದಿದ್ದರು. ಊರಿಗೆ ಬಂದು ಅವರಿಗೆ ಮೂರು ಪತ್ರ ಹಾಕಿದೆ. ಮೂರೂ ವಿಳಾಸದಾರರಿಲ್ಲ ಎಂದು ಹಿಂದೆ ಬಂದವು.

ಎಂಟನೆಯ ದಿನ ಬಂದ ಮನುಷ್ಯ ಮಾತ್ರ ಏನೂ ತಿನ್ನಲಿಲ್ಲ. ಬೊಂಬಾಯಿಯ ಒಂದು ರಫ್ತು ಕಂಪನಿಯ ಪ್ರತಿನಿಧಿ. ನಮ್ಮ ದೇಶದ ಪಾತ್ರೆ ಪಗಡಗಳನ್ನು ಕೊಲ್ಲಿ ದೇಶಗಳ ಅಂಗಡಿಗಳಿಗೆ ಕಳಿಸುವ ಕಂಪನಿ ಅದು. ಐವತ್ತರ ಆಸುಪಾಸು, ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು. ಮಣೆಯನ್ನು ತಲೆಕೆಳಗು ಮಾಡಿದರು, ತಿರುಪನ್ನು ಪೂರ್ತಿ ಬಿಚ್ಚಿ ತೆಗೆದು ಥ್ರೆಡ್ಡಿನ ಮೇಲೆ ಉಗುರು ಓಡಿಸಿದರು. ತಿಂಗಳಿಗೆ ಎಷ್ಟು ಮಾಡುತ್ತೀರಿ, ಪೆಟ್ಟಿಗೆಗೆ ಎಷ್ಟು ಹಿಡಿಯುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಏನು ಬಳಿಯುತ್ತೀರಿ, ಹಡಗಿಗೆ ಏರಿಸುವವರೆಗಿನ ದರ ಏನು ಎಂದು ಕೇಳಿದರು. ಮೊದಲಿನ ಮೂರಕ್ಕೆ ಅಣ್ಣ ತನ್ನ ಹಿಂದಿಯಲ್ಲಿ ಉತ್ತರ ಕೊಟ್ಟ. ಕೊನೆಯದಕ್ಕೆ, ಹಾಗೆಂದರೇನು ಎಂದು ನಾವೇ ಅವರನ್ನು ಕೇಳಿದೆವು. ಹಡಗಿಗೆ ಏರಿಸುವುದು ನಮ್ಮ ಕೆಲಸವೋ ಅವರ ಕೆಲಸವೋ ಎಂಬುದೇ ನಮಗೆ ಗೊತ್ತಿರಲಿಲ್ಲ. ಅವರು ನಗದೆ, ಬಂದರಿನವರೆಗಿನ ಸಾಗಾಟವೂ ಏರಿಸುವ ಖರ್ಚೂ ನಿಮ್ಮ ದರದಲ್ಲೇ ಸೇರಿರಬೇಕು ಎಂದು ವಿವರಿಸಿದರು. ಹೊರಡುವಾಗ ಒಂದು ಮಾತು ಹೇಳಿದರು: "ನಾವು ಮಾಡುವವರಿಂದಲೇ ಕೊಳ್ಳುವುದು, ನಡುವಿನವರಿಂದ ಅಲ್ಲ. ನಾಳೆ ಥ್ರೆಡ್ಡು ಕಿತ್ತುಹೋದರೆ ನನಗೆ ಉತ್ತರ ಕೊಡುವವರು ಬೇಕು. ಬಂದು ನಿಮ್ಮ ಕಾರ್ಖಾನೆ ನೋಡುತ್ತೇನೆ."

ಅಕ್ಟೋಬರಿನಲ್ಲಿ, ದೀಪಾವಳಿಗೆ ಇನ್ನೂ ಕೆಲವು ವಾರಗಳಿರುವಾಗ, ಬರುವ ದಿನ ತಿಳಿಸಿ ತಂತಿ ಬಂತು. ಅಲ್ಲಿಂದ ನಮ್ಮ ತಲೆ ಕೆಟ್ಟಿತು ಎಂದೇ ಹೇಳಬೇಕು. ಶೆಡ್ಡು ಎಂದರೆ ಗೊತ್ತಲ್ಲ, ಗೋಡೆಯಿಂದ ಗೋಡೆಗೆ ಕಬ್ಬಿಣದ ತುರಿ, ಎಣ್ಣೆ, ಸಾಣೆಯ ಧೂಳು. ಅಣ್ಣನಿಗೆ ಆ ಬಿಳಿ ಪ್ಯಾಂಟೇ ಕಣ್ಣ ಮುಂದೆ.

"ಮನೆಗೆ ನೆಂಟರು ಬರುವಾಗ ಯಾರಾದರೂ ಕಸ ಗುಡಿಸಿಕೊಂಡು ಕೂತಿರುತ್ತಾರಾ?" ಎಂದ ಅಣ್ಣ. "ಅವರು ಬರುವ ದಿನ ಕೆಲಸಕ್ಕೆ ರಜೆ. ಎಲ್ಲ ಚೊಕ್ಕ ಮಾಡಿ ಇಡುವ."

ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಿ.ಕಾಂ. ಓದಿದ್ದೆನಲ್ಲ, ಕಾಣಬೇಕಿತ್ತು. ಎರಡು ದಿನ ಸೇರಿ ಲೇತುಗಳನ್ನು ಸೀಮೆಎಣ್ಣೆಯಿಂದ ಒರೆಸಿ, ಹೊಸ ಬಿಳಿ ಬಟ್ಟೆ ಹೊದಿಸಿದೆವು. ನೆಲವನ್ನು ಸೋಪು ಹಾಕಿ ತೊಳೆದೆವು. ಅರ್ಧ ಆದ ಮಣೆ, ಒರಟು ಎರಕದ ಕಾಲುಗಳು, ಬಿಲ್ಲೆಗಳು ಎಲ್ಲವನ್ನೂ ಟೆಂಪೋದಲ್ಲಿ ತುಂಬಿಸಿ ಪಕ್ಕದ ಬೀದಿಯ ಇನ್ನೊಬ್ಬರ ಶೆಡ್ಡಿಗೆ ಸಾಗಿಸಿದೆವು. ಬಣ್ಣ ಬಳಿದು ಮುಗಿದ ಮೂವತ್ತು ಮಣೆಗಳನ್ನು ಮಾತ್ರ ಸಾಲಾಗಿ ಜೋಡಿಸಿ, ಪ್ರತಿಯೊಂದರ ತಲೆಗೂ ನಾನೇ ಒಂದೊಂದು ದಾಸವಾಳ ಸಿಕ್ಕಿಸಿದೆ. ಕೆಲಸದ ಐವರು ಇಸ್ತ್ರಿ ಅಂಗಿ ತೊಟ್ಟು, ಮದುಮಗನ ಕಡೆಯವರ ಹಾಗೆ ಬಾಗಿಲಲ್ಲಿ ಕೈಕಟ್ಟಿ ನಿಂತರು.

ಅವರು ಬೆಳಿಗ್ಗೆ ಮಂಗಳೂರಿನಿಂದ ಟ್ಯಾಕ್ಸಿಯಲ್ಲಿ ಬಂದಿಳಿದರು. ಒಳಗೆ ಬಂದು ನಿಂತವರು ಸುತ್ತಲೂ ಎರಡೆರಡು ಸಲ ಕಣ್ಣಾಡಿಸಿದರು. ಅಣ್ಣ ಅದನ್ನು ಮೆಚ್ಚುಗೆ ಎಂದುಕೊಂಡ, ನಾನೂ ಹಾಗೆಯೇ ಎಂದುಕೊಂಡೆ. ಅವರು ಒಂದು ಲೇತಿನ ಬಟ್ಟೆ ಸರಿಸಿ ಬೆರಳಲ್ಲಿ ಉಜ್ಜಿ, ಬೆರಳನ್ನು ನೋಡಿಕೊಂಡರು. ಎಣ್ಣೆ ಇಲ್ಲ. ಬಗ್ಗಿ ಯಂತ್ರದ ಅಡಿ ನೋಡಿದರು. ತುರಿ ಇಲ್ಲ.

"ಕಚ್ಚಾ ಸಾಮಾನು ಎಲ್ಲಿ?" ಎಂದು ಕೇಳಿದರು.

"ಎಲ್ಲ ಬೇರೆ ಕಡೆ ಉಂಟು ಸಾರ್," ಎಂದ ಅಣ್ಣ, ಹೆಮ್ಮೆಯಿಂದ.

"ಇವತ್ತು ಕೆಲಸ ಇಲ್ಲವಾ?"

"ನೀವು ಬರುವ ದಿನ ಅಲ್ವಾ ಸಾರ್, ಕೆಲಸ ಹೇಗೆ ಮಾಡುವುದು?"

ಅವರು ತಲೆಯಾಡಿಸಿದರು. ಐವರ ಕಡೆ ನೋಡಿದರು. ಐವರೂ ನಮಸ್ಕಾರ ಮಾಡಿದರು. ಅವರ ಉಗುರುಗಳಲ್ಲಿ ವರ್ಷಗಳ ಕಪ್ಪು ಕೂತಿತ್ತು. ಅದನ್ನಾದರೂ ನೋಡಬಾರದಿತ್ತೇ ಎಂದು ಈಗ ಅನಿಸುತ್ತದೆ. ಆದರೆ ನಮಸ್ಕಾರ ಮುಗಿಸಿ ಅವರೆಲ್ಲ ಮತ್ತೆ ಕೈಕಟ್ಟಿ ನಿಂತಿದ್ದರು, ಉಗುರು ಕಾಣುವ ಹಾಗಿರಲಿಲ್ಲ.

ಎರಕ ಎಲ್ಲಿ ಹೊಯ್ಯಿಸುತ್ತೀರಿ ಎಂದು ಕೇಳಿದರು. ಕಾರ್ಕಳದ ಫೌಂಡ್ರಿಯಲ್ಲಿ ಎಂದೆವು. ಅದನ್ನೂ ನೋಡಬೇಕು ಎಂದರು. ಅದೇ ಟ್ಯಾಕ್ಸಿಯಲ್ಲಿ ಮೂವರೂ ಹೊರಟೆವು. ಅಮ್ಮ ಕಾಪುವಿನಲ್ಲಿ ಊಟಕ್ಕೆ ಕಾಯುತ್ತಾಳೆ ಎಂದು ನಾನು ಎರಡು ಸಲ ಹೇಳಿದೆ. ನೋಡುವಾ, ನೋಡುವಾ ಎಂದು ಅಣ್ಣ ನನ್ನ ಬಾಯಿ ಮುಚ್ಚಿಸಿದ.

ಅಷ್ಟು ಸಣ್ಣ ಫೌಂಡ್ರಿಯಲ್ಲಿ ದಿನಾ ಕಬ್ಬಿಣ ಕರಗಿಸುವುದಿಲ್ಲ. ವಾರವಿಡೀ ಮರಳಿನ ಅಚ್ಚು ಕಟ್ಟಿ ಇಟ್ಟು, ಶನಿವಾರ ಒಂದು ದಿನ ಕುಲುಮೆ ಹಚ್ಚಿ ಎಲ್ಲವನ್ನೂ ಹೊಯ್ಯುತ್ತಾರೆ. ನಾವು ಹೋದದ್ದು ಸೋಮವಾರ. ಕುಲುಮೆ ತಣ್ಣಗಿತ್ತು. ಮಾಲಕರು ಯಾವುದೋ ಮದುವೆಗೆ ಹೋಗಿದ್ದರು. ಅಂಗಳದಲ್ಲಿ ಕಾವಲಿನ ಮುದುಕರೊಬ್ಬರು ಬೀಡಿ ಸೇದುತ್ತಾ ಕೂತಿದ್ದರು. ಒಂದು ಮೂಲೆಯಲ್ಲಿ ನಮ್ಮದೇ ಮಣೆಯ ಎರಕಗಳು ರಾಶಿ ಬಿದ್ದಿದ್ದವು. ಆದರೆ ಅವುಗಳ ಕೊಳವೆಯ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಇದ್ದದ್ದು ಉಡುಪಿಯ ಪಾತ್ರೆ ಅಂಗಡಿಯ ಹೆಸರು.

ಇದರಲ್ಲಿ ಮೋಸ ಏನೂ ಇರಲಿಲ್ಲ. ಅಂಗಡಿಯವರು ತಮ್ಮ ಹೆಸರಿದ್ದರೆ ಮಾತ್ರ ಮಾಲು ತೆಗೆದುಕೊಳ್ಳುತ್ತಿದ್ದರು. ಎಲ್ಲ ಸಾಮಾನಿಗೂ ಹಾಗೆಯೇ, ಊರಿಗೆಲ್ಲ ಗೊತ್ತಿದ್ದ ಕ್ರಮ. ಮೇಳಕ್ಕೆ ಒಯ್ದ ಮಣೆಗಳಿಗೂ ಶೆಡ್ಡಿನಲ್ಲಿ ಸಾಲಾಗಿಟ್ಟ ಮೂವತ್ತಕ್ಕೂ ಮಾತ್ರ ಅಣ್ಣ ಬೇರೆ ಅಕ್ಷರ ಕೆತ್ತಿಸಿ ತನ್ನ ಶೆಡ್ಡಿನ ಹೆಸರು ಹಾಕಿಸಿದ್ದ. ಬೊಂಬಾಯಿಯವರು ಒಂದು ಎರಕ ಎತ್ತಿ ನನಗೆ ತೋರಿಸಿ, ಇದೇನು ಬರೆದಿದೆ ಎಂದು ಕೇಳಿದರು. ನಾನು ಓದಿ ಹೇಳಿದೆ. ಇದು ಯಾರ ಮಾಲು ಎಂದು ಅವರು ನನ್ನ ಮೂಲಕ ಮುದುಕರನ್ನೂ ಕೇಳಿಸಿದರು. ಮುದುಕರು ಬೀಡಿ ಕೆಳಗಿಟ್ಟು, "ಅದು ಉಡುಪಿ ಅಂಗಡಿದ್ದು," ಎಂದರು. ಅಣ್ಣ ಕ್ರಮವನ್ನೆಲ್ಲ ವಿವರಿಸಲು ಹೊರಟ. ಹುಡುಗನಾಗಿದ್ದಾಗ ಬೊಂಬಾಯಿಯ ಲೇತು ಅಂಗಡಿಯಲ್ಲಿ ಕಲಿತ ಅವನ ಹಿಂದಿ ಯಂತ್ರದ ಬಗ್ಗೆ ಮಾತಾಡಲು ಸಾಕಿತ್ತು. ಇಂಥ ಗೋಜಲು ಬಿಡಿಸಲು ಸಾಲಲಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸೌಜನ್ಯದಿಂದ ಕೇಳಿದರು. ಕೇಳಿಸಿಕೊಳ್ಳುವುದು ಬೇರೆ, ನಂಬುವುದು ಬೇರೆ ಎಂಬುದು ಟ್ಯಾಕ್ಸಿ ಹತ್ತುವಾಗ ಗೊತ್ತಾಯಿತು. "ಉಡುಪಿಯ ಆ ಅಂಗಡಿ ನೋಡಿಬಿಡೋಣ," ಎಂದರು.

ಅಂಗಡಿಯ ಧಣಿ ಗಲ್ಲಾದಲ್ಲೇ ಇದ್ದರು. ಅವರ ಬೆನ್ನ ಹಿಂದೆ ಹಂಚಿನ ಮಾಡಿನವರೆಗೂ ಶ್ಯಾವಿಗೆ ಮಣೆಗಳು, ಒಂದೊಂದರ ಮೇಲೂ ಅವರದೇ ಹೆಸರು. ಬೊಂಬಾಯಿಯವರು ನಮ್ಮನ್ನು ಮುಂದೆ ಬಿಡದೆ ತಾವೇ ಹೋಗಿ, ಇದು ಯಾರ ತಯಾರಿ ಎಂದು ಕೇಳಿದರು.

"ನಮ್ಮದೇ," ಎಂದರು ಧಣಿ.

ಅವರು ಬೇಕೆಂದು ಸುಳ್ಳು ಹೇಳಿದರೆಂದು ನಾನು ಇವತ್ತಿಗೂ ಹೇಳಲಾರೆ. ಅಪರಿಚಿತ ಗಿರಾಕಿ ಬಂದು ಕೇಳಿದರೆ ಉಡುಪಿಯ ಯಾವ ವ್ಯಾಪಾರಿಯೂ ತನಗೆ ಮಾಲು ಕೊಡುವವನ ಮನೆದಾರಿ ಹೇಳಿಕೊಡುವುದಿಲ್ಲ. ನಾನು ನೋಡಿದ್ದು ಅಣ್ಣನ ಮುಖವನ್ನು. ಎಂಟು ವರ್ಷದ ಹಿಂದೆ ಒಬ್ಬರೂ ಅವನ ಮಣೆ ಮುಟ್ಟದಿದ್ದಾಗ ಎತ್ತಿಟ್ಟುಕೊಂಡವರು ಈ ಧಣಿ. ಅವರದೇ ಅಂಗಡಿಯಲ್ಲಿ, ಹೊರಗಿನವರ ಎದುರು, ಇವರು ಹೇಳುವುದು ಸರಿಯಲ್ಲ ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅಮ್ಮ ನಮಗೆ ಕಲಿಸಿದ್ದಳು. ನನಗಾದರೂ ಬಾಯಿ ಇತ್ತಲ್ಲ. ಮನೆಯಲ್ಲಿ ನೆರೆಕರೆಗೆಲ್ಲ ಕೇಳುವ ಹಾಗೆ ಜಗಳ ಮಾಡುವವಳು ಅಲ್ಲಿ ಸೆರಗಿನ ತುದಿ ತಿರುಚುತ್ತಾ ನಿಂತೆ. ಇದಕ್ಕಾಗಿ ನನ್ನನ್ನು ನಾನು ಬೈದುಕೊಂಡಷ್ಟು ಬೇರೆ ಯಾರೂ ಬೈದಿಲ್ಲ.

ಬೊಂಬಾಯಿಯವರು ಧಣಿಯ ವಿಳಾಸ ಬರೆದುಕೊಂಡು, ನಮ್ಮಿಬ್ಬರ ಕೈ ಕುಲುಕಿ, ವಿಮಾನಕ್ಕೆ ಹೊತ್ತಾಯಿತೆಂದು ಹೊರಟೇಬಿಟ್ಟರು. ನಾವು ಬಸ್ಸಿನಲ್ಲಿ ಕಾಪುವಿಗೆ ಬಂದೆವು. ಅಮ್ಮ ಬಾಳೆಲೆ ತೊಳೆದಿಟ್ಟು ಬಾಗಿಲಲ್ಲಿ ನಿಂತಿದ್ದಳು. ಶ್ಯಾವಿಗೆ ಆರಿ ಗಟ್ಟಿಯಾಗಿತ್ತು. "ಅವರು ಎಲ್ಲಿ?" ಎಂದಳು. ಅಣ್ಣ ಕೈಕಾಲು ತೊಳೆಯಲು ಹೋದ.

ಆದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ನಮಗೆ ಗೊತ್ತಿರಲಿಲ್ಲ. ಧಣಿಯ ವಿಳಾಸ ತೆಗೆದುಕೊಂಡದ್ದು ನಮ್ಮ ಬಗ್ಗೆ ವಿಚಾರಿಸಲು ಎಂದು ಅಣ್ಣ ಒಂದು ದಿನ ಹೇಳುವನು, ಮರುದಿನ ಭಾವನ ಪತ್ರ ತೆಗೆದು ಓದುವನು. ನಾನು ಅಂಚೆಯವನನ್ನು ಕಾಯುತ್ತಿದ್ದೆ. ಮೂರು ವಾರದ ಮೇಲೆ ಪತ್ರ ಬಂತು. ಶೆಡ್ಡಿನಲ್ಲಿ, ಲೇತು ಓಡುತ್ತಿರುವಾಗ, ನಾನು ಓದಿ ಅಣ್ಣನಿಗೆ ಅರ್ಥ ಹೇಳಿದೆ. ನಿಮ್ಮ ಆತಿಥ್ಯಕ್ಕೆ ಕೃತಜ್ಞರು. ನಿಮ್ಮಲ್ಲಿ ನೋಡಿದ ವಸ್ತು ನಮಗೆ ಒಪ್ಪಿಗೆಯಾಗಿದೆ. ಆದರೆ ತಯಾರಕರಿಂದ ನೇರವಾಗಿ ಕೊಳ್ಳುವುದು ನಮ್ಮ ನಿಯಮವಾದ್ದರಿಂದ ಉಡುಪಿಯ ತಯಾರಕರಿಗೇ ಆರ್ಡರು ಕೊಟ್ಟಿದ್ದೇವೆ. ಬೇರೆ ಸಾಮಾನು ಬೇಕಾದಾಗ ತಮ್ಮಂಥ ವ್ಯಾಪಾರಿಗಳನ್ನು ನೆನಪಿಸಿಕೊಳ್ಳುತ್ತೇವೆ.

ಅಣ್ಣ ಇನ್ನೊಮ್ಮೆ ಓದಿಸಿದ. ಆಮೇಲೆ ನಕ್ಕ. "ನಾನು ಮಾಡುವವನು ಅಲ್ಲವಂತೆ ಮಾರಾಯ್ತಿ," ಎಂದ. ಅವನ ಅಂಗಿಯ ತುಂಬ ಕಬ್ಬಿಣದ ಪುಡಿ ಮಿನುಗುತ್ತಿತ್ತು.

ಎರಡು ದಿನದಲ್ಲಿ ಧಣಿಯೇ ಶೆಡ್ಡಿಗೆ ಬಂದರು. ಎಂಟು ವರ್ಷದಲ್ಲಿ ಅದೇ ಮೊದಲು. ಅವರೂ ಗೊಂದಲದಲ್ಲೇ ಇದ್ದರು ಪಾಪ. ಕೂತು ಬೆವರೊರೆಸಿಕೊಂಡು, "ಬೊಂಬಾಯಿಯಿಂದ ಮುನ್ನೂರು ಮಣೆಗೆ ಬರೆದಿದ್ದಾರೆ ನೋಡು," ಎಂದರು. "ಅವರು ನಿನ್ನ ಹತ್ತಿರ ಮಣೆ ಕೊಳ್ಳಲು ಬಂದವರು ಎಂದು ನನಗೆಂತ ಗೊತ್ತು? ನೀನು ಸುಮ್ಮನೆ ನಿಂತೆ, ನಾನು ಏನೋ ಪೇಟೆ ತೋರಿಸಲು ಕರೆದುಕೊಂಡು ಬಂದದ್ದು ಎಂದುಕೊಂಡೆ. ಈಗ ಮಾಡುವುದು ನೀನೇ ಅಲ್ವಾ? ನನ್ನ ಕೈಯಲ್ಲಿ ಒಂದು ತಿರುಪೂ ಆಗುವುದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತ್ತು. ಅವರು ಹೋದ ಮೇಲೆ ಬೊಂಬಾಯಿಯ ಕಂಪನಿಗೆ ನಾಲ್ಕು ಪುಟದ ಪತ್ರ ಬರೆದೆ. ಮಾಡುವವನು ನನ್ನ ಅಣ್ಣ, ನಂಬದಿದ್ದರೆ ಕೆಲಸದ ದಿನ ಹೇಳದೆ ಕೇಳದೆ ಬಂದು ನೋಡಿ ಎಂದು. ಅಂಚೆಗೆ ಹಾಕುವ ಮೊದಲು ಅಣ್ಣ ಅದನ್ನು ಓದಿಸಿ ಅರ್ಥ ಹೇಳಿಸಿಕೊಂಡ.

"ಬೇಡ," ಎಂದ.

"ಯಾಕೆ ಬೇಡ? ಸತ್ಯ ಅಲ್ವಾ?"

"ಸತ್ಯವೇ. ಆದರೆ ಇದು ಹೋದರೆ ಧಣಿ ಸುಳ್ಳುಗಾರ ಆಗುತ್ತಾರೆ. ಸುಳ್ಳುಗಾರರ ಊರಿನವನು ಎಂದು ಬೊಂಬಾಯಿಯವರು ನನ್ನನ್ನೂ ಬಿಡುತ್ತಾರೆ. ಮುನ್ನೂರು ಮಣೆ ಹೋಗುತ್ತದೆ. ಮತ್ತೆ ನಾನು ಬಹರೈನಿಗೆ. ನಿನಗೆ ಯಾವುದು ಬೇಕು ಹೇಳು."

ನಾನು ಪತ್ರವನ್ನು ಹರಿದು ಒಲೆಗೆ ಹಾಕಿದೆ. ಅವನು ಭಾವನಿಗೆ ಬರುವುದಿಲ್ಲ ಎಂದು ಬರೆಸಿದ. ಅಮ್ಮ ದೀಪಾವಳಿಗೆ ಎರಡು ದಿನ ಮೊದಲೇ ದೀಪ ಹಚ್ಚಿದಳು. ನಾನು ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ. ಸಂತೋಷದ ಒಳಗೆ ಏನೋ ಒಂದು ಕಲ್ಲು ಸಿಕ್ಕಿದ ಹಾಗೆಯೂ ಆಗುತ್ತಿತ್ತು.

ಮುನ್ನೂರು ಮಣೆ ಹಡಗೇರಿದವು. ಮರುವರ್ಷ ಐನೂರು. ಶೆಡ್ಡಿಗೆ ಮೂರನೆಯ ಲೇತು ಬಂತು. ಅಣ್ಣನಿಗೆ ಮದುವೆಯಾಯಿತು, ಮಕ್ಕಳಾದವು. ಅವನು ದಿನಾ ಸಂಜೆ ಆರೂವರೆಯ ಬಸ್ಸಿಗೆ ಮನೆಗೆ ಬರುವವನಾದ, ಅಪ್ಪನ ಹಾಗೆ ನೆಂಟನಾಗಲಿಲ್ಲ.

ನಾಲ್ಕೈದು ವರ್ಷದ ಮೇಲೆ ಮಂಗಳೂರಿನಲ್ಲಿ ಒಂದು ದೊಡ್ಡ ಮೇಳ ನಡೆಯಿತು. ಧಣಿ ಪೂರ್ತಿ ಎರಡು ಮಳಿಗೆ ಹಿಡಿದಿದ್ದರು, ಮೇಲೆ ಅವರ ಅಂಗಡಿಯ ಹೆಸರಿನ ದೊಡ್ಡ ಫಲಕ. ಮಣೆ ಒತ್ತಿ ತೋರಿಸಲು ಅಣ್ಣನೇ ಬೇಕು ಎಂದು ಕರೆಸಿಕೊಂಡಿದ್ದರು. ನಾನು ಮದುವೆಯಾಗಿ ಅದೇ ಊರಿನಲ್ಲಿದ್ದೆ, ನೋಡಲು ಹೋದೆ. ಅಣ್ಣ ಟವೆಲು ಕಟ್ಟಿಕೊಂಡು ಬೆವರುತ್ತಾ ಒತ್ತುತ್ತಿದ್ದ. ಕೇರಳದ ಕಡೆಯ ವ್ಯಾಪಾರಿಯೊಬ್ಬರು ತಿನ್ನದೆ ನಿಂತು, ತಿರುಪು ಬಿಚ್ಚಿ, ಥ್ರೆಡ್ಡಿನ ಮೇಲೆ ಬೆರಳಾಡಿಸಿದರು. ಅವರ ಬೆರಳು ನೋಡುತ್ತಲೇ ಇವರು ಕೊಳ್ಳಲು ಬಂದವರು ಎಂದು ನನಗೆ ಗೊತ್ತಾಯಿತು.

"ಬಹಳ ಚೆನ್ನಾಗಿ ಮಾಡಿದ್ದಾರೆ. ಇದನ್ನು ತಯಾರು ಮಾಡುವವರ ಹತ್ತಿರ ಮಾತಾಡಬೇಕಿತ್ತು," ಎಂದರು ಅವರು.

ನಾನು ಅಣ್ಣನನ್ನು ನೋಡಿದೆ. ಅವನು ಒಂದು ಗಳಿಗೆಯೂ ತಡೆಯಲಿಲ್ಲ. ಹಿಟ್ಟಾದ ಕೈಯನ್ನು ಟವೆಲಿಗೆ ಒರೆಸಿ, ಕುರ್ಚಿಯಲ್ಲಿ ಕೂತಿದ್ದ ಧಣಿಯನ್ನು ತೋರಿಸಿದ.

"ಅವರು," ಎಂದ. ಮತ್ತೆ ಸುತ್ತಿಟ್ಟ ಬಟ್ಟೆಯ ಗಂಟು ಬಿಚ್ಚಿ ಇನ್ನೊಂದು ಬಿಸಿ ಉಂಡೆ ತೆಗೆದು ಕೊಳವೆಗೆ ಹಾಕಿದ.